ತರಬೇತುದಾರರ ಪರಿಚಯ: ಯಾವ ಪ್ರಶ್ನೆ ಯಾರ ಪಾಲಿಗೆ?

ಪ್ರಶ್ನೆ: ನಾನು ಕಂಪನಿಯೊಂದರ ತರಬೇತಿ ವಿಭಾಗದಲ್ಲಿ ಸಂಯೋಜಕಿ. ಖರೀದಿಗೆ ಸಂಬಂಧಿಸಿದ ಹೊಸ ತಂತ್ರಾಂಶವನ್ನು ಕಲಿಸಲು ತಂಡಕ್ಕೆ 32 ಜನರಂತೆ ಮೂರು ದಿನದ ತರಬೇತಿ ನಡೆಸುತ್ತಿದ್ದೇವೆ. ನಾಲ್ವರು ತರಬೇತುದಾರರಿದ್ದಾರೆ. ಮೊದಲ ತಂಡಕ್ಕೆ ನಾಲ್ವರ ಪರಿಚಯವನ್ನೂ ಸ್ಲೈಡ್ ಹಾಕಿ ವಿವರವಾಗಿ ಓದಿದೆ. ಆದರೂ ಅರ್ಧಕ್ಕರ್ಧ ಪ್ರಶ್ನೆಗಳು ನನ್ನ ಬಳಿಗೇ ಬಂದವು. ಉಳಿದವರು ಒಬ್ಬರನ್ನೇ ಮುತ್ತಿಕೊಂಡರು. ಒಂದೇ ಪ್ರಶ್ನೆಗೆ ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆಂಬ ದೂರೂ ಬಂತು. ಎರಡನೇ ತಂಡಕ್ಕೆ ಪರಿಚಯವನ್ನು ಹೇಗೆ ಮಾಡಿಸಲಿ?

ಉತ್ತರ: ಸ್ಲೈಡ್ ತಿದ್ದುವುದನ್ನು ಸದ್ಯಕ್ಕೆ ಬದಿಗಿಡಿ. ತರಬೇತುದಾರರು ಯಾರೆಂದು ನೀವು ಚೆನ್ನಾಗಿಯೇ ಹೇಳಿದ್ದೀರಿ. ಯಾವ ಪ್ರಶ್ನೆಯನ್ನು ಅವರಲ್ಲಿ ಯಾರ ಬಳಿ ಒಯ್ಯಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಲ್ಲ. ಬಹುಶಃ ಆ ನಾಲ್ವರೂ ಅದನ್ನು ತಮ್ಮತಮ್ಮಲ್ಲಿ ತೀರ್ಮಾನಿಸಿಕೊಂಡಿರಲಿಲ್ಲ. ಹಾಗಿದ್ದ ಮೇಲೆ ಪರಿಚಯ ಎಷ್ಟೇ ಚಂದವಿದ್ದರೂ ಬಂದವರು ಮುಖ ಪರಿಚಯವಿರುವ ನಿಮ್ಮನ್ನೋ, ನಗುಮುಖದ ಒಬ್ಬರನ್ನೋ ಹುಡುಕಿಕೊಂಡು ಬರುವುದು ಸಹಜ.

ಆದ್ದರಿಂದ ಕೆಲಸ ಶುರುವಾಗಬೇಕಿರುವುದು ತರಬೇತಿಗೆ ಕೆಲವು ದಿನ ಮೊದಲು, ಖಾಲಿ ಚೀಟಿಗಳಿಂದ. ನಾಲ್ವರು ತರಬೇತುದಾರರಿಗೂ ಹತ್ತು ಹತ್ತು ಚೀಟಿ ಕೊಡಿ. ಮೊದಲ ತಂಡದವರು ನಿಜವಾಗಿ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ, ಚೀಟಿಗೊಂದರಂತೆ ಬರೆಯಲು ಹೇಳಿ. ನಿಮ್ಮ ಬಳಿಗೆ ಬಂದ ಪ್ರಶ್ನೆಗಳನ್ನು ನೀವೂ ಬರೆಯಿರಿ. ಈ ಲೆಕ್ಕದಲ್ಲಿ ನಿಮ್ಮ ಚೀಟಿಗಳೇ ಹೆಚ್ಚು ಬೆಲೆಯವು, ಏಕೆಂದರೆ ದಾರಿ ತಪ್ಪಿದ ಪ್ರಶ್ನೆಗಳೆಲ್ಲ ನಿಮ್ಮಲ್ಲಿಗೇ ಬಂದಿವೆ. ‘ತಂತ್ರಾಂಶದ ಬಳಕೆ’ ಎಂಬಂಥ ಶೀರ್ಷಿಕೆಗಳು ಬೇಡ. ‘ಉಳಿಸು ಒತ್ತಿದೆ, ಆದರೆ ಬೇಡಿಕೆ ಪಟ್ಟಿಯಲ್ಲಿ ಕಾಣಿಸುತ್ತಿಲ್ಲ’ ಎನ್ನುವ ಹಾಗಿರಬೇಕು. ಆಮೇಲೆ ಎಲ್ಲರೂ ಒಂದು ಮೇಜಿನ ಸುತ್ತ ಕೂತು ಚೀಟಿಗಳನ್ನು ಗುಂಪು ಮಾಡಿ.

ನಿಮ್ಮ ಬಗೆಯ ತರಬೇತಿಯಲ್ಲಿ ಸಾಮಾನ್ಯವಾಗಿ ಐದು ಗುಂಪುಗಳು ಏಳುತ್ತವೆ. ಪರದೆಯ ಮೇಲೆ ಯಾವುದನ್ನು ಒತ್ತಬೇಕು ಎನ್ನುವವು ಒಂದು ಕಡೆ. ಯಾರ ಒಪ್ಪಿಗೆ ಬೇಕು, ಎಷ್ಟು ಮೊತ್ತದವರೆಗೆ, ಯಾವ ದಾಖಲೆ ಎನ್ನುವ ನಿಯಮದ ಪ್ರಶ್ನೆಗಳು ಇನ್ನೊಂದು ಕಡೆ. ಪಾಸ್‌ವರ್ಡ್ ಹಿಡಿಯುತ್ತಿಲ್ಲ, ಕಂಪ್ಯೂಟರ್ ನಿಂತುಹೋಗಿದೆ ಎನ್ನುವವು ಮೂರನೆಯದು. ಎಷ್ಟು ಗಂಟೆಗೆ ಮುಗಿಯುತ್ತದೆ, ಪ್ರಮಾಣಪತ್ರ ಯಾವಾಗ, ನಾಳೆ ಅರ್ಧ ದಿನ ರಜೆ ಸಿಗುತ್ತದೆಯೇ ಎಂಬವು ನಾಲ್ಕನೆಯದು. ಇವಷ್ಟನ್ನು ಯಾರು ಬೇಕಾದರೂ ಊಹಿಸಬಲ್ಲರು. ಐದನೆಯದು ಚೀಟಿಯಲ್ಲಿ ಬರುವುದೇ ಕಡಿಮೆ: ‘ನನಗೆ ಪಾಠದ ವೇಗ ಹಿಡಿಯುತ್ತಿಲ್ಲ’, ‘ಪರದೆಯ ಅಕ್ಷರ ಕಾಣುತ್ತಿಲ್ಲ’, ‘ಪಕ್ಕದವರು ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ತಾವೇ ಮಾಡಿ ಮುಗಿಸುತ್ತಾರೆ’. ಇವನ್ನು ಜೋರಾಗಿ ಯಾರೂ ಕೇಳುವುದಿಲ್ಲ. ಮೂರನೇ ದಿನದ ಅಭ್ಯಾಸದಲ್ಲಿ ಹಿಂದೆ ಬೀಳುವವರನ್ನು ಮಾತನಾಡಿಸಿ ನೋಡಿ, ಬೇರು ಹೆಚ್ಚಾಗಿ ಈ ಐದನೆಯ ಗುಂಪಿನಲ್ಲಿರುತ್ತದೆ.

ಈಗ ಗುಂಪಿಗೊಬ್ಬರೇ ಹೊಣೆಗಾರರು. ಇಬ್ಬರ ಹೆಸರು ಬರೆದರೆ ಯಾರ ಹೆಸರನ್ನೂ ಬರೆಯದಂತೆಯೇ ಸರಿ. ನಾಲ್ವರಲ್ಲಿ ಒಬ್ಬರು ಮುಖ್ಯ ತರಬೇತುದಾರರು, ಒಬ್ಬರು ಖರೀದಿ ವಿಭಾಗದ ಹಿರಿಯ ಉದ್ಯೋಗಿ, ಒಬ್ಬರು ತಂತ್ರಾಂಶ ಒದಗಿಸಿದ ಸಂಸ್ಥೆಯವರು, ಇನ್ನೊಬ್ಬರು ಲ್ಯಾಬಿನಲ್ಲಿ ಮೇಜಿನಿಂದ ಮೇಜಿಗೆ ಓಡಾಡಿ ನೆರವಾಗುವವರು ಎಂದು ಇಟ್ಟುಕೊಳ್ಳೋಣ. ಆಗ ಪರದೆಯ ಪ್ರಶ್ನೆ ತಂತ್ರಾಂಶದವರಿಗೆ, ನಿಯಮದ್ದು ಖರೀದಿಯವರಿಗೆ, ಲಾಗಿನ್ ಮತ್ತು ಯಂತ್ರದ ತಕರಾರು ಲ್ಯಾಬ್ ನೆರವಿನವರಿಗೆ, ವೇಳಾಪಟ್ಟಿ–ರಜೆ–ಪ್ರಮಾಣಪತ್ರ ನಿಮಗೆ, ಕಲಿಕೆಯ ಸ್ವಂತ ತೊಂದರೆ ಮುಖ್ಯ ತರಬೇತುದಾರರಿಗೆ. ಈ ಹಂಚಿಕೆಯನ್ನು ಹುದ್ದೆಯ ಹಿರಿತನ ನೋಡಿ ಮಾಡಬೇಡಿ. ಲ್ಯಾಬ್ ನೆರವಿನವರು ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರಿರಬಹುದು. ಆದರೆ ಮೊದಲ ಗಂಟೆಯಲ್ಲಿ ಅತಿ ಹೆಚ್ಚು ಜನರಿಗೆ ಬೇಕಾಗುವವರು ಅವರೇ. ಹೀಗಾಗಿ ಪರಿಚಯದಲ್ಲಿ ಅವರು ಮೊದಲು ಬರಬೇಕು, ‘ಇವರೂ ಇದ್ದಾರೆ’ ಎಂದು ಕೊನೆಯಲ್ಲಿ ಅಲ್ಲ.

ಗಡಿಯ ಮೇಲೆ ಕೂರುವ ಚೀಟಿಗಳಿಗಾಗಿ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ನಿಮಗೆ ಬಂದ ‘ಎರಡು ಉತ್ತರ’ದ ದೂರು ಹುಟ್ಟಿದ್ದು ಇಲ್ಲೇ ಇರಬೇಕು. ಇಂಥ ತರಬೇತಿಗಳಲ್ಲಿ ಮೇಲಿಂದ ಮೇಲೆ ಬರುವ ಒಂದು ಪ್ರಶ್ನೆಯನ್ನು ನೋಡಿ: ‘ಮೊತ್ತ ನನ್ನ ಮಿತಿಗಿಂತ ಹೆಚ್ಚಾಗುತ್ತದೆ. ಒಂದೇ ಆರ್ಡರನ್ನು ಎರಡಾಗಿ ಒಡೆದು ಹಾಕಬಹುದೇ?’ ತಂತ್ರಾಂಶದವರನ್ನು ಕೇಳಿದರೆ ‘ಹಾಕಬಹುದು, ತಂತ್ರಾಂಶ ತಡೆಯುವುದಿಲ್ಲ’ ಎನ್ನುತ್ತಾರೆ. ಖರೀದಿಯವರನ್ನು ಕೇಳಿದರೆ ‘ಕೂಡದು, ಮೇಲಿನವರ ಒಪ್ಪಿಗೆ ತಪ್ಪಿಸಲು ಆರ್ಡರ್ ಒಡೆಯುವುದನ್ನು ಲೆಕ್ಕ ತಪಾಸಣೆಯವರು ಹುಡುಕಿಕೊಂಡೇ ಬರುತ್ತಾರೆ’ ಎನ್ನುತ್ತಾರೆ. ಇಬ್ಬರೂ ತಮ್ಮ ಮಟ್ಟಿಗೆ ನಿಜವನ್ನೇ ಹೇಳಿದ್ದಾರೆ. ಕೇಳಿದವರ ಪಾಲಿಗೆ ಮಾತ್ರ ಅವು ಒಂದಕ್ಕೊಂದು ಎದುರಾದ ಎರಡು ಉತ್ತರಗಳು. ಅದರಲ್ಲಿ ತಮಗೆ ಅನುಕೂಲವಾದುದನ್ನು ಹಿಡಿದುಕೊಂಡು ಹೋಗುವವರೂ ಇರುತ್ತಾರೆನ್ನಿ.

ಇದಕ್ಕೊಂದು ಸರಳ ಕಟ್ಟುಪಾಡು ಸಾಕು. ‘ಮಾಡಬಹುದೇ?’ ಎಂದರೆ ಖರೀದಿಯವರು; ‘ಹೇಗೆ ಮಾಡುವುದು?’ ಎಂದರೆ ತಂತ್ರಾಂಶದವರು. ಮೊದಲನೆಯದಕ್ಕೆ ಉತ್ತರ ಸಿಗದೆ ಎರಡನೆಯದಕ್ಕೆ ಹೋಗುವಂತಿಲ್ಲ. ತಂತ್ರಾಂಶದವರಿಗೆ ನಿಯಮ ಬಾಯಿಪಾಠವೇ ಇದ್ದರೂ ಅವರು ಆ ಮೂರು ದಿನ ‘ಬಹುದೇ’ ಎಂಬ ಪ್ರಶ್ನೆಗೆ ಬಾಯಿ ಹಾಕಬಾರದು. ಬಲ್ಲವರಿಗೆ ಇದು ಕಷ್ಟವಾಗುತ್ತದೆ. ತಿಳಿದಿದ್ದೂ ಸುಮ್ಮನಿರುವುದು ಯಾವ ತರಬೇತುದಾರರಿಗೂ ಸುಲಭದ ಮಾತಲ್ಲ. ಅದಕ್ಕೇ ಇದನ್ನು ಮೇಜಿನ ಸುತ್ತ ಕೂತಾಗಲೇ, ಎಲ್ಲರೆದುರು ಒಪ್ಪಿಸಿಕೊಳ್ಳಿ.

ಇಷ್ಟಾದ ಮೇಲೆ ಪರಿಚಯದ ಮಾತು. ತಲೆಗೆ 40–45 ಸೆಕೆಂಡು, ಅವರವರ ಬಾಯಿಂದಲೇ. ನಿಮ್ಮ ಪೀಠಿಕೆಯೂ ಸೇರಿ ಐದಾರು ನಿಮಿಷದಲ್ಲಿ ಎಲ್ಲ ಮುಗಿಯಬೇಕು. ಪದವಿ, ಪ್ರಶಸ್ತಿ, ಎಷ್ಟು ಕಡೆ ಕೆಲಸ ಮಾಡಿದ್ದಾರೆ ಎಂಬ ವಿವರಗಳನ್ನು ಕಾರ್ಯಕ್ರಮದ ಆಹ್ವಾನದ ಜೊತೆ ಕಳುಹಿಸಿಬಿಡಿ, ಓದುವವರು ಓದಲಿ. ವೇದಿಕೆಯ ಮೇಲಿಂದ ಅದನ್ನು ಓದಿದರೆ ಗೌರವದ ಜೊತೆಗೆ ದೂರವೂ ಬೆಳೆಯುತ್ತದೆ. ‘ಇಂಥ ದೊಡ್ಡವರ ಹತ್ತಿರ ಪಾಸ್‌ವರ್ಡ್ ಮರೆತೆ ಎಂದು ಹೇಗೆ ಹೇಳುವುದು’ ಎಂದು ಅನ್ನಿಸುವಂತೆ ಮಾಡುವ ಪರಿಚಯ ಕೆಲಸಕ್ಕೆ ಬಾರದು. ಹಿರಿಯ ಅಧಿಕಾರಿಗಳು ಉದ್ಘಾಟನೆಗೆ ಬಂದರೆ ಅವರು ತರಬೇತಿ ಏಕೆ ಎಂಬುದನ್ನು ಹೇಳಲಿ, ತರಬೇತುದಾರರನ್ನು ಹೊಗಳುವ ಕೆಲಸ ಅವರಿಗೆ ಬೇಡ.

ಅನುಭವದ ಮಾತು ಪೂರ್ತಿ ಬೇಡವೆಂದಲ್ಲ. ಒಂದು ವಾಕ್ಯ ಇರಲಿ, ಅದು ಎದುರಿಗಿರುವವರ ಕೆಲಸಕ್ಕೆ ತಾಗುವಂತಿರಲಿ. ಖರೀದಿಯವರು ಹೀಗೆ ಹೇಳಬಹುದು:

‘ನಮಸ್ಕಾರ. ನನ್ನ ಹೆಸರು ಇಂಥದ್ದು. ನೀವು ಕಳುಹಿಸುವ ಖರೀದಿ ಬೇಡಿಕೆಗಳನ್ನು ಪರಿಶೀಲಿಸುವ ಮೇಜಿನಲ್ಲೇ ನಾನು ಕೆಲಸ ಮಾಡುವುದು. ನಿಮ್ಮ ಕಡತಗಳಲ್ಲಿ ಕೆಲವನ್ನು ವಾಪಸು ಕಳುಹಿಸಿದವನೂ ನಾನೇ ಇರಬಹುದು. ಯಾರ ಒಪ್ಪಿಗೆ ಬೇಕು, ಇದನ್ನು ಮಾಡಬಹುದೇ, ಮಾಡಬಾರದೇ ಎಂಬ ಪ್ರಶ್ನೆ ಬಂದರೆ ನನ್ನನ್ನು ಕೇಳಿ. ಯಾವ ಬಟನ್ ಎಂದು ಮಾತ್ರ ನನ್ನನ್ನು ಕೇಳಬೇಡಿ, ಅದನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೂರೂ ದಿನ ಬೆಳಗಿನ ಮತ್ತು ಮಧ್ಯಾಹ್ನದ ವಿರಾಮದಲ್ಲಿ ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತೇನೆ. ಪಾಠ ನಡೆಯುವಾಗ ಪ್ರಶ್ನೆ ಹೊಳೆದರೆ ಚೀಟಿಯಲ್ಲಿ ಬರೆದು ಆ ಮೇಜಿನ ಮೇಲಿಡಿ, ಅವತ್ತೇ ಉತ್ತರಿಸುತ್ತೇನೆ.’

ಹೆಸರು, ಯಾವ ಪ್ರಶ್ನೆ, ಯಾವುದು ಅಲ್ಲ, ಎಲ್ಲಿ, ಯಾವಾಗ ಇವಷ್ಟೂ ಅದರಲ್ಲಿವೆ. ‘ಯಾವಾಗ ಬೇಕಾದರೂ ಕೇಳಿ’ ಎಂಬ ಮಾತು ಅದರಲ್ಲಿಲ್ಲ. ಕೇಳಲು ಉದಾರವಾದ ಮಾತು ಅದು, ಆದರೆ ಹೊತ್ತು ಗೊತ್ತಿಲ್ಲದ ಆಹ್ವಾನವನ್ನು ಸಂಕೋಚದವರು ನಂಬುವುದಿಲ್ಲ. ‘ವಿರಾಮದಲ್ಲಿ, ಕಿಟಕಿ ಪಕ್ಕದ ಮೇಜು’ ಎಂದರೆ ಎದ್ದು ಬರುತ್ತಾರೆ. ‘ಯಾವುದು ಅಲ್ಲ’ ಎಂಬುದನ್ನು ಹೇಳುವಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಲಿ. ನೋಡುವವರ ಕಣ್ಣು ಆ ಮುಖದ ಮೇಲೆ ಎರಡನೇ ಸಲ ನಿಲ್ಲುತ್ತದೆ.

ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಪರಿಚಿತ ಮುಖದ ಜೊತೆ ಹೆಸರನ್ನು ನೆನಪಿಡುವುದಕ್ಕಿಂತ ಅವರ ಕಸುಬನ್ನು ನೆನಪಿಡುವುದು ಸುಲಭ ಎಂದು ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡುಕೊಂಡರು. ಒಂದೇ ಪದವನ್ನು ಮನೆತನದ ಹೆಸರಾಗಿ ಕೊಟ್ಟರೆ ಮರೆಯುತ್ತಿದ್ದವರು ಅದನ್ನೇ ವೃತ್ತಿಯಾಗಿ ಹೇಳಿದಾಗ ನೆನಪಿಟ್ಟುಕೊಂಡರು. ನಿಮ್ಮ ಕೊಠಡಿಯಲ್ಲೂ ‘ಒಪ್ಪಿಗೆ ವಿಚಾರ ನೋಡುವವರು’ ಎಂಬುದು ಉಳಿಯುತ್ತದೆ, ಹೆಸರು ಜಾರುತ್ತದೆ. ಉಳಿಯುವುದಕ್ಕೆ ಒತ್ತು ಕೊಡಿ, ಜಾರುವುದನ್ನು ಬಿಲ್ಲೆಯ ಮೇಲೆ ಬರೆಯಿರಿ. ಬಿಲ್ಲೆಯಲ್ಲಿ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ‘ನಿಯಮ’, ‘ಪರದೆ’, ‘ಲಾಗಿನ್’ ಎಂದೂ ಇರಲಿ. ‘ಹಿರಿಯ ಸಲಹೆಗಾರರು’ ಎಂಬ ಪದನಾಮ ಯಾರಿಗೂ ದಾರಿ ತೋರಿಸುವುದಿಲ್ಲ.

ಪರಿಚಯವನ್ನು ಎಲ್ಲಿ ಸೇರಿಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ವಾಡಿಕೆಯಂತೆ ತರಬೇತುದಾರರ ಪರಿಚಯ ಮುಗಿದೊಡನೆ ‘ಈಗ ನೀವೆಲ್ಲ ಒಬ್ಬೊಬ್ಬರಾಗಿ ನಿಮ್ಮ ಬಗ್ಗೆ ಹೇಳಿ’ ಎನ್ನುತ್ತಾರೆ. ತನ್ನ ಸರದಿಗೆ ಕಾಯುತ್ತಿರುವವನಿಗೆ ತನಗಿಂತ ತುಸು ಮೊದಲು ಮಾತನಾಡಿದವರ ಮಾತು ತಲೆಗೆ ಹೋಗುವುದಿಲ್ಲ. ಇದನ್ನು 1973ರಲ್ಲಿ ಮಾಲ್ಕಮ್ ಬ್ರೆನರ್ ಎಂಬ ಸಂಶೋಧಕ ಪ್ರಯೋಗದಿಂದ ತೋರಿಸಿದ್ದರು. ಮುಂದಿನ ಸಾಲಿನವರು ‘ನಾನೇನು ಹೇಳಲಿ’ ಎಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿರುವಾಗ ನಿಮ್ಮ ತರಬೇತುದಾರರು ಮಾತನಾಡಿದರೆ ಅದು ವ್ಯರ್ಥ. ಬಂದವರ ಪರಿಚಯ ಮೊದಲು ಮುಗಿಯಲಿ. 32 ಜನರೂ ಎದ್ದು ನಿಂತು ಮಾತನಾಡುವ ಅಗತ್ಯವಿಲ್ಲ, ಮೇಜಿನ ಸುತ್ತ ಇರುವ ನಾಲ್ಕೈದು ಜನ ತಮ್ಮತಮ್ಮಲ್ಲೇ ಮಾಡಿಕೊಂಡರೆ ಸಾಕು. ಆಮೇಲೆ ತರಬೇತುದಾರರು, ಅದರ ಬೆನ್ನಿಗೇ ಲಾಗಿನ್ ಮಾಡುವ ಮೊದಲ ಅಭ್ಯಾಸ. ಹತ್ತು ನಿಮಿಷದೊಳಗೆ ನಿಜವಾದ ತೊಂದರೆ ಎದುರಾಗುತ್ತದೆ, ಕೇಳಿದ್ದು ಆಗಲೇ ಬಳಕೆಗೆ ಬರುತ್ತದೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೆ ಜನ ನಿಮ್ಮ ಬಳಿಗೇ ಏಕೆ ಬಂದರು ಎಂಬುದಕ್ಕೆ ಅರ್ಧ ಉತ್ತರ ಅದರಲ್ಲಿರಬಹುದು. ಕೂತಿರುವವರ ಮನಸ್ಸಿನಲ್ಲಿ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ ಇರುತ್ತದೆ: ನಾನು ಇವರಲ್ಲಿ ಕೇಳಿದ್ದು ನನ್ನ ಮೇಲಧಿಕಾರಿಯ ಕಿವಿಗೆ ಬೀಳುತ್ತದೆಯೇ? ಖರೀದಿ ವಿಭಾಗದವರು ನಾಳೆ ಅದೇ ಕಚೇರಿಯಲ್ಲಿ ಸಿಗುವವರು. ಮುಖ್ಯ ತರಬೇತುದಾರರು ಕೊನೆಯಲ್ಲಿ ಮೌಲ್ಯಮಾಪನವನ್ನೂ ಮಾಡುವವರಾದರೆ ‘ನನಗೆ ಅರ್ಥವಾಗುತ್ತಿಲ್ಲ’ ಎಂದು ಅವರ ಹತ್ತಿರ ಹೋಗುವ ಧೈರ್ಯ ಎಷ್ಟು ಜನರಿಗೆ ಬಂದೀತು? ಅಂಕ ಹಾಕದ ನಿಮ್ಮಂಥವರೇ ಸುರಕ್ಷಿತ ಎಂದು ಅವರು ಲೆಕ್ಕ ಹಾಕಿದ್ದರೆ ತಪ್ಪೇನಿಲ್ಲ.

ಆದ್ದರಿಂದ ಮೇಲಕ್ಕೆ ಏನೇನು ಹೋಗುತ್ತದೆ ಎಂಬುದನ್ನು ತರಬೇತಿಗೆ ಮೊದಲೇ ಮಾನವ ಸಂಪನ್ಮೂಲ ವಿಭಾಗದವರೊಡನೆ ಕೂತು ತೀರ್ಮಾನಿಸಿ, ಪರಿಚಯದ ಹೊತ್ತಿನಲ್ಲಿ ನೀವೇ ಬಾಯಿಬಿಟ್ಟು ಹೇಳಿ: ‘ಹಾಜರಾತಿ ಮತ್ತು ಕೊನೆಯ ದಿನದ ಅಭ್ಯಾಸದ ಫಲಿತಾಂಶ ಇವೆರಡು ನಿಮ್ಮ ವಿಭಾಗದ ಮುಖ್ಯಸ್ಥರಿಗೆ ಹೋಗುತ್ತವೆ. ಯಾರು ಏನು ಕೇಳಿದರು, ಎಷ್ಟು ಸಲ ಕೇಳಿದರು ಎಂಬುದನ್ನು ಯಾರೂ ಬರೆದುಕೊಳ್ಳುವುದಿಲ್ಲ.’ ಅದು ನಿಜವಾಗಿದ್ದರೆ ಮಾತ್ರ ಹೇಳಿ. ‘ಎಲ್ಲವೂ ಗುಟ್ಟಾಗಿರುತ್ತದೆ’ ಎಂಬ ಸಾರಾಸಗಟು ಭರವಸೆಯನ್ನು ನೀವು ಉಳಿಸಿಕೊಳ್ಳಲಾರಿರಿ. ನಿಯಮ ಉಲ್ಲಂಘನೆಯೋ ಕಿರುಕುಳವೋ ಕಿವಿಗೆ ಬಿದ್ದರೆ ತರಬೇತುದಾರರು ಸುಮ್ಮನಿರುವಂತಿಲ್ಲ, ಅಂಥದ್ದನ್ನು ಮುಟ್ಟಿಸಬೇಕಾದ ಕಡೆ ಮುಟ್ಟಿಸಲೇಬೇಕು. ಮುಖ್ಯ ತರಬೇತುದಾರರೇ ಅಂಕ ಹಾಕುವವರಾಗಿದ್ದರೆ ಐದನೆಯ ಗುಂಪಿನ ಹೊಣೆಯನ್ನು ಅವರಿಂದ ತೆಗೆದು ಲ್ಯಾಬ್ ನೆರವಿನವರಿಗೆ ಕೊಡಿ. ಹೇಗೂ ಅವರು ಮೇಜಿನ ಪಕ್ಕದಲ್ಲೇ ಬಗ್ಗಿ ನಿಲ್ಲುವವರು, ಮೆಲುದನಿಯಲ್ಲಿ ಹೇಳಲು ಅವರೇ ಸುಲಭ.

ಪರಿಚಯ ತಲುಪಿದೆಯೋ ಇಲ್ಲವೋ ಎಂದು ತಿಳಿಯಲು ಮೂರನೇ ದಿನದ ಅಭಿಪ್ರಾಯ ಪತ್ರದವರೆಗೆ ಕಾಯಬೇಡಿ. ಮೊದಲ ವಿರಾಮ ಮುಗಿದು ಎಲ್ಲರೂ ಕೂತೊಡನೆ ನಾಲ್ವರು ತರಬೇತುದಾರರೂ ನೀವೂ ಕೊಠಡಿಯ ಬೇರೆ ಬೇರೆ ಬದಿಗಳಲ್ಲಿ ನಿಂತುಕೊಳ್ಳಿ. ಮೂರು ಸನ್ನಿವೇಶಗಳನ್ನು ಓದಿ, ಯಾರ ಬಳಿ ಹೋಗುತ್ತೀರೋ ಅವರ ಕಡೆ ಕೈ ತೋರಿಸಿ ಎನ್ನಿ. ‘ಪಾಸ್‌ವರ್ಡ್ ಮೂರು ಸಲ ತಪ್ಪಾಗಿ ಲಾಗಿನ್ ನಿಂತುಹೋಗಿದೆ.’ ಕೈಗಳೆಲ್ಲ ಒಂದೇ ಕಡೆ ಹೋಗಬೇಕು. ‘ನಾಳೆ ಒಂದು ಗಂಟೆ ಮೊದಲು ಹೊರಡಬೇಕು.’ ಇದೂ ಸುಲಭವೇ. ಮೂರನೆಯದು ಆ ಆರ್ಡರ್ ಒಡೆಯುವ ಪ್ರಶ್ನೆಯೇ ಇರಲಿ. ಇಲ್ಲಿ ಕೈಗಳು ಎರಡು ಕಡೆ ಹಂಚಿಹೋದರೆ ಗಾಬರಿ ಬೇಡ. ಖರೀದಿಯವರು ಅಲ್ಲೇ ‘ಬಹುದೇ ಎಂದರೆ ನಾನು, ಹೇಗೆ ಎಂದರೆ ಅವರು’ ಎಂದು ಮತ್ತೊಮ್ಮೆ ಹೇಳಲಿ. ಎರಡು ನಿಮಿಷದ ಈ ಕೆಲಸದಲ್ಲಿ ಜನ ನಗುತ್ತಾರೆ, ಆದರೆ ಮರೆಯುವುದಿಲ್ಲ.

ಆಮೇಲೆ ನೋಡಬೇಕಾದದ್ದು ವಿರಾಮದ ಹೊತ್ತಿನ ಗುಂಪುಗಳನ್ನು. ನಿಮ್ಮ ಬಳಿಗೆ ಬಂದ, ನಿಮ್ಮದಲ್ಲದ ಪ್ರತಿ ಪ್ರಶ್ನೆಗೂ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ದಿನ ಕೆಲವು ಗೆರೆಗಳು ಬಿದ್ದೇ ಬೀಳುತ್ತವೆ. ಎರಡನೇ ದಿನ ಮಧ್ಯಾಹ್ನವೂ ಅಷ್ಟೇ ಬೀಳುತ್ತಿದ್ದರೆ ಎಲ್ಲೋ ಹಂಚಿಕೆ ಎಡವಿದೆ. ಅವೆಲ್ಲ ಒಂದೇ ಗುಂಪಿನ ಪ್ರಶ್ನೆಗಳೇ ಎಂದು ನೋಡಿ. ಒಂದೇ ಗುಂಪಿನವಾದರೆ ಆ ಹೊಣೆಗಾರರು ಹೇಳಿದ ಜಾಗದಲ್ಲಿ ಇರುತ್ತಿಲ್ಲ, ಇಲ್ಲವೇ ಹೋದವರಿಗೆ ಸರಿಯಾದ ಮಾತು ಸಿಗುತ್ತಿಲ್ಲ. ಯಾರ ಬಳಿಯೂ ಯಾರೂ ಹೋಗುತ್ತಿಲ್ಲ ಎಂದಾದರೆ ಎಲ್ಲರಿಗೂ ಎಲ್ಲ ಅರ್ಥವಾಗಿದೆ ಎಂದು ಹಿಗ್ಗಬೇಡಿ. ಪಕ್ಕದವರನ್ನು ಕೇಳಿಕೊಂಡು ಹೇಗೋ ಸಾಗಿಸುತ್ತಿದ್ದಾರೆ ಎಂದೇ ಅದರ ಅರ್ಥ.

ತಪ್ಪಿ ಬಂದವರನ್ನು ಸಾಗಹಾಕುವ ರೀತಿಯನ್ನೂ ಮೊದಲೇ ಮಾತಾಡಿಕೊಳ್ಳಿ. ‘ಅದು ನನ್ನದಲ್ಲ, ಅವರನ್ನು ಕೇಳಿ’ ಎಂದು ಒಮ್ಮೆ ಕೇಳಿಸಿಕೊಂಡವರು ಎರಡನೇ ಸಲ ಯಾರನ್ನೂ ಕೇಳುವುದಿಲ್ಲ. ನಾಲ್ಕು ಹೆಜ್ಜೆ ಜೊತೆಯಲ್ಲಿ ನಡೆದು, ‘ಇವರದ್ದೊಂದು ಒಪ್ಪಿಗೆಯ ಪ್ರಶ್ನೆಯಿದೆ’ ಎಂದು ಒಪ್ಪಿಸಿ ಬರಬೇಕು. ಪ್ರಶ್ನೆ ಏನೆಂದು ಅವರು ಮತ್ತೆ ಮೊದಲಿನಿಂದ ವಿವರಿಸುವ ಪಾಡು ತಪ್ಪುತ್ತದೆ.

ತಡವಾಗಿ ಬರುವವರ ವಿಷಯ ಸಣ್ಣದು. ಐದು ಮುಖಚಿತ್ರ, ಐದು ಬಗೆಯ ಪ್ರಶ್ನೆ, ಐದು ಜಾಗ ಇರುವ ಒಂದು ಹಾಳೆಯನ್ನು ಬಾಗಿಲ ಬಳಿ ಅಂಟಿಸಿ, ಮೇಜಿಗೊಂದು ಪ್ರತಿ ಇಡಿ. ತಂಡದಲ್ಲಿ ಕೆಲವರು ದೂರದಿಂದ ವಿಡಿಯೊ ಮೂಲಕ ಸೇರುವುದಾದರೆ ಅವರಿಗೆ ಬಿಲ್ಲೆಯೂ ಕಾಣದು, ಕಿಟಕಿ ಪಕ್ಕದ ಮೇಜೂ ಕಾಣದು. ಅಲ್ಲಿ ಪ್ರತಿ ತರಬೇತುದಾರರೂ ಪರದೆಯ ಮೇಲಿನ ತಮ್ಮ ಹೆಸರಿನ ಮುಂದೆ ‘ನಿಯಮ’, ‘ಲಾಗಿನ್’ ಎಂದು ಸೇರಿಸಿಕೊಳ್ಳಲಿ. ವಿರಾಮದಲ್ಲಿ ಹತ್ತು ನಿಮಿಷ ಆ ಕರೆಯಲ್ಲೇ ಉಳಿಯುವವರು ಯಾರು ಎಂಬುದನ್ನೂ ಹೇಳಿಬಿಡಿ.

ಎರಡನೇ ದಿನ ಯಾರಾದರೂ ಬರಲಾಗದೆ ಬದಲಿಯವರು ಬಂದರೆ ‘ಇವರು ಅವರ ಬದಲು’ ಎಂದಷ್ಟೇ ಹೇಳಿ ಮುಂದೆ ಹೋಗುವುದು ರೂಢಿ. ಬದಲಿಯವರಿಗೆ ಹಿಂದಿನವರ ಪ್ರಶ್ನೆಗಳೆಲ್ಲಕ್ಕೂ ಉತ್ತರ ಗೊತ್ತಿರುತ್ತದೆ ಎಂದೇನಿಲ್ಲ. ಆವತ್ತು ಬೆಳಿಗ್ಗೆ ಅವರನ್ನು ಆ ಗುಂಪಿನ ಚೀಟಿಗಳ ಮುಂದೆ ಐದು ನಿಮಿಷ ಕೂರಿಸಿ. ಅವರು ಉತ್ತರಿಸಲಾಗದ ಚೀಟಿಗಳನ್ನು ಆರಿಸಿ ಬೇರೆಯವರಿಗೆ ವಹಿಸಿ, ಬಾಗಿಲ ಹಾಳೆಯನ್ನು ತಿದ್ದಿ, ಆಮೇಲೆ ಅವರೂ ಉಳಿದವರಂತೆ ತಮ್ಮ 40 ಸೆಕೆಂಡಿನ ಮಾತನ್ನು ತಾವೇ ಆಡಲಿ.